ಸಾಲಿ ಹುಡುಗರು "ಮನೆ" ಅಂತಾರ, ಅಜ್ಜಂದಿರು "ಮನಿ" ಅಂತಾರ. ಭಾಷೆ ಬದಲಾಗಾಕತ್ತೈತೋ, ಬರೇ ವಯಸ್ಸಿನ ಆಟೋ?

ಜಮಖಂಡಿ_ಮಾಸ್ತರ
ಎಲ್ಲಾರಿಗೂ ನಮಸ್ಕಾರ್ರಿ. ನಾ ಜಮಖಂಡಿ ತಾಲೂಕಿನ ಒಂದ ಹಳ್ಳ್ಯಾಗ ಹೈಸ್ಕೂಲ್ ಮಾಸ್ತರ, ನೌಕರಿ ಜೊತಿಗೇ ಎಂ.ಎ ಮುಗಸಾಕತ್ತೀನಿ. ಪ್ರಾಜೆಕ್ಟಿಗೆ ನಮ್ಮೂರಿನ ಮಾತ ತಗೊಂಡೀನಿ. ಪದದ ಕಡೀಕ ಬರೋ ಎ ಮತ್ತ ಇ ಅಷ್ಟ ನೋಡೋದು, ಮನಿ-ಮನೆ, ತಲಿ-ತಲೆ, ಮಳಿ-ಮಳೆ, ಹೊಳಿ-ಹೊಳೆ ಇಂಥಾವು. ಅರವತ್ತ ದಾಟಿದವರು, ನಡೂ ವಯಸ್ಸಿನವರು, ಮತ್ತ ನನ್ನ ಒಂಬತ್ತು-ಹತ್ತನೇ ಕ್ಲಾಸಿನ ಹುಡುಗರು, ಮೂರೂ ಗುಂಪಿನವರನ್ನ ಮಾತಾಡಿಸಿ ಮೊಬೈಲ್‌ನ್ಯಾಗ ರೆಕಾರ್ಡ್ ಮಾಡೀನಿ. ಅಜ್ಜಂದಿರ ಬಾಯಾಗ ಹೆಚ್ಚುಕಡಿಮಿ ಎಲ್ಲಾ ಮನಿ, ನಡುವಿನವರು ಎರಡೂ ಕಲಸತಾರ, ಹುಡುಗರು ಮನೆ ಅಂತಾರ. ಮೆಟ್ಟಲದಂಗ ಕಾಣತೈತಿ. ಅದಕ್ಕ ನಾ "ಇ ಹೋಗಿ ಎ ಬರಾಕತ್ತೈತಿ" ಅಂತ ಬರದೆ. ಗೈಡ್ ಓದಿ, "ಇದು ಅಪೇರೆಂಟ್ ಟೈಮ್ ಅಷ್ಟ, ರಿಯಲ್ ಟೈಮ್ ಡಾಟಾ ಎಲ್ಲೈತಿ? ಇದೇ ಹುಡುಗರು ಐವತ್ತಾದಾಗ ಮತ್ತ ಮನಿ ಅನ್ನಂಗಿಲ್ಲ ಅಂತ ಏನ ಗ್ಯಾರಂಟಿ?" ಅಂತ ಕೇಳಿ ವಾಪಸ್ ಕೊಟ್ಟಾರ. ಈಗ ನಾ ಏನ್ ಇಪ್ಪತ್ತ ವರ್ಷ ಕುಂದರಬೇಕೇನ್ರಿ ಇವರು ಮುದುಕರಾಗೂ ಮಟ? ಗೊತ್ತಿದ್ದವರು ಯಾರರ ದಾರಿ ಹೇಳ್ರಿ.

ತೇರದಾಳ_ಎಕ್ಸ್‌ಪ್ರೆಸ್
ಎಲ್ಲಾ ಟಿವಿ ಧಾರಾವಾಹಿ ಕೆಲಸ ಅದು. ಇದಕ್ಯಾಕ ಪ್ರಾಜೆಕ್ಟು.

ಅಥಣಿ_ಜೋಶಿ
ಮಾಸ್ತರ, ಅಪೇರೆಂಟ್ ಟೈಮ್ ಅಂದ್ರ ಸೂರ್ಯನ ಟೈಮ್ ಅಲ್ಲೇನ್ರಿ? ನಮ್ಮ ಪಂಚಾಂಗದಾಗ ಸೂರ್ಯೋದಯ ತಗಿಯೂ ಮುಂದ ಇದನ್ನ ನೋಡೇ ನೋಡತೀವಿ. ಗಡಿಯಾರದ ಟೈಮ್ ಇರೋದು 82.5 ಡಿಗ್ರಿ ರೇಖಾಂಶದ್ದು, ಬೆಳಗಾವಿ ಐತಿ ಸುಮಾರು 74.5ಕ್ಕ, ಡಿಗ್ರಿಗೆ ನಾಕ ನಿಮಿಷದಂಗ ನಮ್ಮ ಸೂರ್ಯ ಗಡಿಯಾರಕ್ಕಿಂತ ಸರಾಸರಿ ಅರ್ಧ ತಾಸಿನ ಮ್ಯಾಲ ಹಿಂದ ಇರತಾನ. ಮಾತಿಗೂ ಇದಕ್ಕೂ ಏನ ಸಂಬಂಧ ತಿಳೀಲಿಲ್ಲ.

ಜಮಖಂಡಿ_ಮಾಸ್ತರ
ಜೋಶಿಯವರ ಅದು ಬ್ಯಾರೆ ರೀ 😀 ಇಲ್ಲಿ ಅಂದ್ರ ಇವತ್ತ ಒಂದೇ ದಿನ ಅಜ್ಜನ್ನ, ಅಪ್ಪನ್ನ, ಮಗನ್ನ ಮೂರೂ ಮಂದೀನ ಕೇಳಿ, ಅಜ್ಜನ ಮಾತ ಅಂದ್ರ ಐವತ್ತ ವರ್ಷದ ಹಿಂದಿನ ಊರಿನ ಮಾತು ಅಂತ ಹಿಡಿಯೋದು. ರಿಯಲ್ ಟೈಮ್ ಅಂದ್ರ ಖರೇನ ಐವತ್ತ ವರ್ಷದ ಹಿಂದ ಒಮ್ಮೆ ಕೇಳಿ, ಈಗ ಮತ್ತ ಹೋಗಿ ಕೇಳೋದು.

ಅಥಣಿ_ಜೋಶಿ
ಹಂಗೇನು. ಹಂಗಾದ್ರ ನಿಮ್ಮ ಗೈಡ್ ಕೇಳಿದ್ದು ಸರಿನ ಐತಿ ಬಿಡ್ರಿ.

ಕುಂದಾನಗರಿ_ಹುಡುಗ
ಸರಿ ಏನಿಲ್ಲ. ನಾ ಲಿಂಗ್ವಿಸ್ಟಿಕ್ಸ್ ಪೇಪರ್ ಬರದೀನಿ, ಹೇಳತೀನಿ ಕೇಳ್ರಿ. ಮನಷ್ಯಾನ ಉಚ್ಚಾರ ಹದಿನೇಳು-ಹದಿನೆಂಟಕ್ಕ ಫ್ರೀಜ್ ಆಗಿಬಿಡತೈತಿ, ಆಮ್ಯಾಲ ಅದು ಅಳ್ಳಾಡಂಗಿಲ್ಲ. ಎಪ್ಪತ್ತ ವರ್ಷದ ಅಜ್ಜ ಈಗ ಆಡೋ ಮಾತು ಅಂವ ಹದಿನೆಂಟಿದ್ದಾಗಿನ ಮಾತೇ. ಅಪೇರೆಂಟ್ ಟೈಮ್ ಮೆಥಡ್ ನಿಂತಿರೋದೇ ಇದರ ಮ್ಯಾಲ, ಜಗತ್ತಿನ ತುಂಬ ಅದನ್ನ ಒಪ್ಪತಾರ. ಮಾಸ್ತರ ಡಾಟಾ ಸಾಕು, ರಿಯಲ್ ಟೈಮ್ ಬೇಕಾಗಿಲ್ಲ. ಗೈಡ್ ಸುಮ್ನ ಕಾಡಾಕತ್ತಾರ.

ಗುಮ್ಮಟದ_ಗೌಡ್ತಿ
ಫ್ರೀಜ್ ಆಗ್ತದಂತ 😂 ತಮ್ಮಾ ನನ್ನ ಕಥಿ ಕೇಳು. ವಿಜಯಪುರದಾಗ ಹುಟ್ಟಿ ಬೆಳದಾಕಿ, ಲಗ್ನ ಆಗಿ ಬೆಂಗಳೂರಿಗೆ ಹೋದೆ. ಬಾಜೂ ಮನಿಯವರು ನಾ ಮಾತಾಡಿದ್ರ ನಗೋರು, ಅದಕ್ಕ ಮನೆ, ಬೇಳೆ, ತಲೆ ಅನ್ನೋದ ರೂಢಿ ಆತು, ನನಗ ಗೊತ್ತಿಲ್ಲದಂಗ ಆತು. ಈಗ ಮನಿಯವರ ಟ್ರಾನ್ಸ್‌ಫರ್ ಆಗಿ ಊರಿಗೇ ಬಂದೀವಿ, ನನ್ನ ಮಾತೂ ತಿರುಗಿ ಮನಿ, ಬ್ಯಾಳಿ, ತಲಿ ಆಗ್ಯಾವ. ಆದ್ರ ಫೋನ್‌ನ್ಯಾಗ ಬೆಂಗಳೂರಿನ ಗೆಳತಿ ಸಿಕ್ಕಳಂದ್ರ ಮತ್ತ ಮನೆ. ನನ್ನನ್ನ ಯಾವ ವರ್ಷದ ಲೆಕ್ಕಕ್ಕ ಹಚ್ತೀ?

ಕುಂದಾನಗರಿ_ಹುಡುಗ
ಅಕ್ಕಾ ನಿಮ್ಮದು ಎಕ್ಸೆಪ್ಶನ್. ಊರು ಬಿಟ್ಟ ಹೋದವರನ್ನ ಸ್ಯಾಂಪಲ್‌ನ್ಯಾಗ ಹಿಡಿಯಂಗೇ ಇಲ್ಲ.

ಗುಮ್ಮಟದ_ಗೌಡ್ತಿ
ಹಂಗಾದ್ರ ಅರ್ಧ ಜಿಲ್ಲಾನ ಹಿಡಿಯಂಗಿಲ್ಲ ಬಿಡು. ದುಡಿಲಿಕ್ಕೆ ಗೋವಾಕ್ಕ, ಪುಣೆಕ್ಕ ಹೋಗಿ ಬರಲಾರದ ಮನಿ ಯಾವದದ?

ಹೊಳಿದಂಡಿ
ಇಬ್ಬರೂ ಅರ್ಧ ಅರ್ಧ ಹೇಳೀರಿ. ನಾ ಒಂದೀಟು ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮಾಸ್ತರ ಕೇಳಿದ್ದಕ್ಕ ಭಾಳ ಹಳೀದು ಒಂದು ಉದಾಹರಣಿ ಅದ, ಅದನ್ನ ಬಿಡಿಸಿ ನೋಡಿದ್ರ ಗೈಡ್ ಯಾಕ ಹಂಗಂದ್ರು ತಿಳೀತದ.

ಸ್ವಿಟ್ಜರ್ಲೆಂಡಿನಾಗ ಶಾರ್ಮೆ ಅಂತ ಒಂದು ಗುಡ್ಡದ ಹಳ್ಳಿ. ಗೊಶಾ ಅನ್ನಾಂವ ಅಲ್ಲಿನ ಆಡುಮಾತು ಅಭ್ಯಾಸ ಮಾಡಿ 1905ರಾಗ ಪ್ರಕಟ ಮಾಡಿದ. ಅವನೂ ಮಾಸ್ತರ ಮಾಡಿದಂಗ ಮಂದೀನ ಮೂರು ಪೀಳಿಗಿ ಮಾಡ್ಕೊಂಡಿದ್ದ. ಅರವತ್ತರ ಮ್ಯಾಲಿನವರು, ಮೂವತ್ತರಿಂದ ಅರವತ್ತು, ಮೂವತ್ತರ ಕೆಳಗಿನವರು. ಅವನಿಗೆ ಕಂಡದ್ದೂ ಇದೇ ಮೆಟ್ಟಲ. ಉದಾಹರಣಿಗೆ ಒಂದು ಮೆತ್ತನ್ನ ಲಕಾರ ಇತ್ತು, ಮುದುಕರು ಲ ಅಂತಲೇ ಅಂತಿದ್ರು, ನಡುವಿನವರು ಒಮ್ಮೆ ಹಂಗ ಒಮ್ಮೆ ಹಿಂಗ, ಹುಡುಗರು ಅದನ್ನ ಯ ಮಾಡಿಬಿಟ್ಟಿದ್ರು. ಇನ್ನೊಂದು ಧ್ವನಿ ಇತ್ತು, ನಾಲಿಗಿ ಹಲ್ಲಿನ ನಡಕ ಇಟ್ಟು ಊದೋ ಥ ಇದ್ದಂಗ, ಅದು ಎಳೇರ ಬಾಯಾಗ ಹ ಆಗ್ಲಿಕತ್ತಿತ್ತು. ಒಂದೆರಡು ಸ್ವರಾನೂ ಒಡದು ಜೋಡಿಸ್ವರ ಆಗ್ಲಿಕತ್ತಿದ್ವು. ನೋಡ್ಲಿಕ್ಕೆ ಎಲ್ಲಾ ಒಂದೇ ನಮೂನಿ ಮೆಟ್ಟಲ.

1929ಕ್ಕ ಹರ್ಮನ್ ಅನ್ನಾಂವ ಅದೇ ಹಳ್ಳಿಗೆ ಹೋದ. ಲ ಪೂರ್ತಿ ಯ ಆಗಿಬಿಟ್ಟಿತ್ತು. ಸ್ವರಾನೂ ಮುಂದಕ್ಕ ಹೋಗಿದ್ವು. ಆದ್ರ ಆ ಥ-ಹ ಮಾತ್ರ ಇದ್ದಲ್ಲೇ ಇತ್ತು, ಮೊದಲಿನಂಗನ ಒಮ್ಮೆ ಅದು ಒಮ್ಮೆ ಇದು. ಗೊಶಾ ನೋಡಿದಾಗ ಹ ಅಂತಿದ್ದ ಎಳೇರು ಈಗ ನಡೂ ವಯಸ್ಸಿಗೆ ಬಂದಿದ್ರು. ಅವರ ಸಂಗತಿ ಊರೂ ಬದಲಾಗಬೇಕಾಗಿತ್ತು, ಆಗಿರಲಿಲ್ಲ. ಅಂದ್ರ ಹ ಅನ್ನೋದು ಹರೇದಾಗ ಹತ್ತಿ ವಯಸ್ಸಾದಂಗ ಬಿಟ್ಟುಹೋಗೋ ಗುಣ ಅನ್ನಬೇಕಾಗ್ತದ. ಪ್ರತಿ ಪೀಳಿಗಿನೂ ಅದೇ ಹಾದಿ ತುಳೀತದ, ಊರಿನ ಮಾತು ಮಾತ್ರ ಇದ್ದಲ್ಲೇ ಇರ್ತದ. ಏಜ್ ಗ್ರೇಡಿಂಗ್ ಅಂತಾರಲ್ಲ, ಅದೇ ಇದು.

ಈಗ ನೋಡ್ರಿ, 1905ರಾಗ ಗೊಶಾನ ಕೈಯಾಗಿನ ಕಾಗದಷ್ಟ ನೋಡಿ ಯಾವದು ಖರೇ ಬದಲಾವಣಿ, ಯಾವದು ವಯಸ್ಸಿನದ್ದು ಅಂತ ಹೇಳ್ಲಿಕ್ಕೆ ಆಗ್ತಿತ್ತೇನು? ಆಗ್ತಿರಲಿಲ್ಲ. ಮೆಟ್ಟಲ ಎರಡೂ ಒಂದೇ. ಮಾಸ್ತರ ಕೈಯಾಗಿರೋದೂ ಅಂಥಾ ಕಾಗದಾನ.

ಮಂಡ್ಯ_ಬೆಲ್ಲ
ಸೂಪರ್ ಸರ್. ನಮ್ ಕಡೆ ಮೊದಲಿಂದಾನೂ ಮನೆ ಅಂತಾನೇ ಅನ್ನೋದು, ಅದೇ ಶುದ್ಧ ಅಲ್ವಾ, ಹುಡುಗ್ರು ಶುದ್ಧ ಕಲೀತಿದಾರೆ ಅಂತ ಖುಷಿ ಪಡ್ಬೇಕು.

ಗೋಕಾಕ_ಕರದಂಟು
ಬಂದ್ರಪಾ ಶುದ್ಧದವರು. ಮಂಡ್ಯದಾಗ ಎಷ್ಟ ಮಂದಿ ಹಾಲನ್ನ ಹಾಲು ಅಂತಾರ, ಎಷ್ಟ ಮಂದಿ ಆಲು ಅಂತಾರ ಮೊದಲ ಎಣಿಸಿ ಬರ್ರಿ.

ಮಂಡ್ಯ_ಬೆಲ್ಲ
ತಮಾಷೆಗೆ ಹೇಳ್ದೆ ಗುರು ಬಿಟ್ಬಿಡಿ.

ಕುಂದಾನಗರಿ_ಹುಡುಗ
@ಹೊಳಿದಂಡಿ ಸರ್, ಶಾರ್ಮೆದಾಗೂ ಹೆಚ್ಚಿನ ಧ್ವನಿ ಅಪೇರೆಂಟ್ ಟೈಮ್ ಹೇಳಿದಂಗ ಆದ್ವಲ್ಲ, ಒಂದಷ್ಟ ತಪ್ಪಿತು. ಅಂದ್ರ ಮೆಥಡ್ ಪಾಸ್ ಆತು.

ಹೊಳಿದಂಡಿ
ಪಾಸ್ ಆತು ಖರೆ, ಅದಕ್ಕೇ ಎಲ್ಲಾರೂ ಅದನ್ನ ಬಳಸೋದು. ಆದ್ರ ನಿನ್ನ ಕೈಯಾಗಿರೋ ಒಂದೇ ಧ್ವನಿ ಆ ತಪ್ಪಿದ ಧ್ವನಿ ಇರಬಾರದು ಅಂತ ಎಲ್ಲದ?

ಇನ್ನ ನಿನ್ನ "ಫ್ರೀಜ್" ಮಾತು. ಕೆನಡಾದ ಮಾಂಟ್ರಿಯಲ್‌ನ್ಯಾಗ ಫ್ರೆಂಚ್ ಮಾತಾಡೋರು ಮೊದಲ ರ ಅನ್ನೋದನ್ನ ನಮ್ಮಂಗ ನಾಲಿಗಿ ತುದೀಲೆ ಅಂತಿದ್ರು, ಆಮ್ಯಾಲ ಗಂಟಲದಿಂದ ಅನ್ನೋದು ಹಬ್ಬಿತು. 1971ರಾಗ ಅಲ್ಲಿ 120 ಮಂದೀನ ರೆಕಾರ್ಡ್ ಮಾಡಿದ್ರು. 1984ರಾಗ ಅವರೊಳಗಿನ 60 ಮಂದೀನ ಹುಡುಕಿ ತಿರುಗಿ ಮಾತಾಡಿಸಿದ್ರು, ಜೊತಿಗೆ ಹೊಸಾ ಎಳೇರನ್ನೂ ಸೇರಿಸಿದ್ರು. ಸ್ಯಾಂಕೋಫ್ ಮತ್ತ ಬ್ಲಾಂಡೋ ಅವರೊಳಗ 32 ಮಂದಿಯ ರ ಎರಡೂ ಸಲದ್ದು ಎಣಿಸಿ 2007ರಾಗ ಬರದ್ರು. ಹೆಚ್ಚಿನವರು ಇದ್ದಂಗ ಇದ್ರು, ನೀ ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಆದ್ರ ಒಂದಷ್ಟು ಮಂದಿ ದೊಡ್ಡವರಾದ ಮ್ಯಾಲೂ ಗಂಟಲ ರ ಕಡಿಗೆ ಸರದಿದ್ರು, ಕಲಸಿ ಮಾತಾಡ್ತಿದ್ದವರು ಪೂರ್ತಿ ಆ ಕಡಿಗೆ ಹೋಗಿದ್ರು.

ಇದರಾಗ ತಿಳಕೊಳ್ಳೋ ಸಂಗತಿ ಏನಪಾ ಅಂದ್ರ, ವಯಸ್ಸಾದವರೂ ಹೊಸದರ ಕಡಿಗೇ ಸ್ವಲ್ಪ ಸರಕೊಂಡಿದ್ರ, ಇವತ್ತಿನ ಅಜ್ಜ ತನ್ನ ಹರೇದಾಗಿನದ್ದಕ್ಕಿಂತ ಹೊಸಾ ಮಾತು ಆಡ್ತಿರ್ತಾನ. ಅಂವನ್ನ ಐವತ್ತ ವರ್ಷದ ಹಿಂದಿನ ಗುರುತು ಅಂತ ಹಿಡದ್ರ, ಆಗಿನ ಮಾತು ಇನ್ನೂ ಹಳೇದಿತ್ತು ಅನ್ನೋದು ಮುಚ್ಚಿಹೋಗ್ತದ. ಬದಲಾವಣಿ ಖರೇ ಓಡಿದ್ದಕ್ಕಿಂತ ಮೆಲ್ಲಕ ಓಡಿದಂಗ ಕಾಣ್ತದ. ಶಾರ್ಮೆಯ ಹ ಇದಕ್ಕ ಉಲ್ಟಾ, ಅಲ್ಲಿ ಏನೂ ನಡೀದಿದ್ರೂ ನಡದಂಗ ಕಾಣ್ತು. ಮಾಸ್ತರ ಮೆಟ್ಟಲ ಈ ಎರಡರಾಗ ಯಾವ ಕಡಿಗೆ ಸುಳ್ಳು ಹೇಳ್ಲಿಕತ್ತದ ಅನ್ನೋದೇ ಪ್ರಶ್ನಿ.

ಗುಮ್ಮಟದ_ಗೌಡ್ತಿ
ಹಂಗಾದ್ರ ನಾ ಎಕ್ಸೆಪ್ಶನ್ ಅಲ್ಲ ಅಂದಂಗಾತು 😌

ಹೊಳಿದಂಡಿ
ತಂಗೀ ನಿಂದು ಇನ್ನೊಂದು ನಮೂನಿ. ಮಾಂಟ್ರಿಯಲ್‌ದವರು ಊರು ಓಡೋ ಕಡಿಗೇ ಓಡಿದ್ರು. ನೀ ಹೋಗಿ ವಾಪಸ್ ಬಂದಿ, ಯಾರ ಜೋಡಿ ಮಾತಾಡ್ತಿ ನೋಡಿ ಬದಲಸ್ತಿ. ಅದು ಎರಡು ಅಂಗಿ ಇಟ್ಕೊಂಡಂಗ. ನಿನ್ನಂಥವರು ಹೆಚ್ಚಿದ್ರ ಯಾವ ಅಂಗ್ಯಾಗ ರೆಕಾರ್ಡ್ ಮಾಡಿದ್ರು ಅನ್ನೋದ ಮೊದಲ ಕೇಳಬೇಕು.

ಗೋಕಾಕ_ಕರದಂಟು
ಇದನ್ನ ನಾನೂ ಕೇಳಬೇಕಂತಿದ್ದೆ. ಮಾಸ್ತರ, ಹುಡುಗರನ್ನ ರೆಕಾರ್ಡ್ ಮಾಡಿದ್ದು ಯಾರು, ಎಲ್ಲಿ?

ಜಮಖಂಡಿ_ಮಾಸ್ತರ
ನಾನ ರೀ. ಸ್ಟಾಫ್ ರೂಮಿನ್ಯಾಗ, ಊಟದ ಸೂಟಿಯೊಳಗ. ನಿಮ್ಮೂರ ಜಾತ್ರಿ ಬಗ್ಗೆ ಹೇಳ್ರಿ ಅಂತ ಕೇಳಿದ್ದೆ.

ಗೋಕಾಕ_ಕರದಂಟು
😂😂 ಮಾಸ್ತರ ಮುಂದ, ಸ್ಟಾಫ್ ರೂಮಿನ್ಯಾಗ, ಕೈಕಟ್ಟಿ ನಿಂತ ಹುಡುಗ ಮನಿ ಅಂತಾನೇನ್ರಿ? ಮನಿ ಅಂತ ಬರದ್ರ ಕೆಂಪ ಗೆರಿ ಎಳಿಯವರು ನೀವ! ಅಜ್ಜಂದಿರನ್ನ ಎಲ್ಲಿ ಮಾತಾಡಿಸಿದ್ರಿ?

ಜಮಖಂಡಿ_ಮಾಸ್ತರ
ಕಟ್ಟಿ ಮ್ಯಾಲ, ಹನಮಪ್ಪನ ಗುಡಿ ಮುಂದ. ಹ್ಞಾಂ, ಈಗ ತಿಳೀತು ನೀವ ಎಲ್ಲಿಗೆ ಹೊಂಟೀರಿ ಅಂತ.

ಗೋಕಾಕ_ಕರದಂಟು
ಕಟ್ಟಿ ಮ್ಯಾಲಿನ ಮಾತಿಗೂ ಸ್ಟಾಫ್ ರೂಮಿನ ಮಾತಿಗೂ ಫರಕ ಹಾಕಿ, ಅದಕ್ಕ ವಯಸ್ಸು ಅಂತ ಹೆಸರ ಇಟ್ಟಂಗಾತು. ಗೈಡ್ ಕೇಳಿದ ಪ್ರಶ್ನಿ ಆಮ್ಯಾಲಿಂದು.

ಹೊಳಿದಂಡಿ
ಕರದಂಟು ಅವರು ಹೇಳಿದ್ದು ಖರೆ, ಇದು ಎಲ್ಲಾಕ್ಕಿಂತ ಮೊದಲ ಸರಿ ಆಗಬೇಕು, ಮತ್ತ ಇದನ್ನ ಸರಿ ಮಾಡ್ಲಿಕ್ಕೆ ಇಪ್ಪತ್ತು ವರ್ಷ ಬೇಕಾಗಿಲ್ಲ. ಮೊಬೈಲ್ ಒಬ್ಬ ಹುಡುಗನ ಕೈಯಾಗ ಕೊಡ್ರಿ, ಅವರವ್ವ ಅಪ್ಪಗೂ ಹೇಳಿ ಒಪ್ಪಿಗಿ ತಗೊಂಡು, ಅವರವರಷ್ಟ ಕಬಡ್ಡಿ ಆಡಿ ಬಂದು ಕುಂತಾಗ ಮಾತಾಡ್ಲಿ. ನೀವು ಅಲ್ಲಿ ಇರಬ್ಯಾಡ್ರಿ. ಮೊದಲಿನ ಸ್ವಲ್ಪ ಹೊತ್ತು ಮೊಬೈಲ್ ಮುಂದ ಅಂತ ಡೌಲ್ ಮಾಡ್ತಾರ, ಆಮ್ಯಾಲ ಜಗಳ ಹತ್ತಿ ಮರೀತಾರ. ಆ ಮರತದ್ದನ್ನ ಎಣಿಸ್ರಿ. ಅಲ್ಲೂ ಮನೆ, ತಲೆ ಅಂತ ಬಂದ್ರ ಆಗ ನಿಮ್ಮ ಮೆಟ್ಟಲಕ್ಕ ಬೆಲೆ. ಅಲ್ಲಿ ಮನಿ ಅಂತ ಬಂದ್ರ ಬದಲಾವಣಿನೂ ಇಲ್ಲ, ಏಜ್ ಗ್ರೇಡಿಂಗೂ ಇಲ್ಲ, ಬರೇ ಮಾಸ್ತರ ಅಂಜಿಕಿ.

ಎಣಿಸೋ ಮುಂದ ಇನ್ನೊಂದು ಜ್ವಾಕಿ. ಮುಂದ ಸ್ವರ ಬಂದ್ರ ಕಡೀ ಸ್ವರ ಬಿದ್ದ ಹೋಗ್ತದ, ಮನ್ಯಾಗ, ತಲ್ಯಾಗ ಅಂತ ಆಗ್ತದ, ಅಲ್ಲಿ ಎ ನೋ ಇ ನೋ ಕೇಳ್ಲಿಕ್ಕೆ ಬರಂಗಿಲ್ಲ, ಅವನ್ನ ಬಿಡ್ರಿ. ಗಾಡಿ, ರೊಟ್ಟಿ ಎಲ್ಲಾ ಕಡಿಗೂ ಇ ನೇ, ಅವನ್ನೂ ಸೇರಿಸಬ್ಯಾಡ್ರಿ. ಮತ್ತ ಒಬ್ಬ ಹುಡುಗ ಒಂದೇ ಮಾತಿನ್ಯಾಗ ಮನೆ ಅಂತ ಹತ್ತಾರು ಸಲ ಅಂದಿದ್ದರ ಎಲ್ಲಾ ಲೆಕ್ಕಕ್ಕ ಹಾಕಬ್ಯಾಡ್ರಿ, ಒಂದು ಪದಕ್ಕ ಒಬ್ಬರಿಂದ ಮೂರ್ನಾಕು ಸಾಕು. ಇಲ್ಲಾಂದ್ರ ನಿಮ್ಮ ಪ್ರಾಜೆಕ್ಟು ಮನೆ ಅನ್ನೋ ಒಂದೇ ಪದದ ಮ್ಯಾಲ ಆಗ್ತದ.

ತೇರದಾಳ_ಎಕ್ಸ್‌ಪ್ರೆಸ್
ಗಾಡಿ ಅಂದಿದ್ದಕ್ಕ ನೆನಪಾತು. ನಮ್ಮಣ್ಣನ ಮಗ ಇಂಗ್ಲಿಷ್ ಮೀಡಿಯಂ, ಮೊನ್ನೆ "ರೊಟ್ಟೆ ಬೇಡ" ಅಂದ. ರೊಟ್ಟೆ! ನಮ್ಮವ್ವ ಬಿದ್ದು ಬಿದ್ದು ನಕ್ಕಳು.

ಗೋಕಾಕ_ಕರದಂಟು
ತೇರದಾಳದವರ ನಿಮ್ಮ ಹುಡುಗನ್ನ ಮುತ್ತ ಕೊಟ್ಟ ಎತ್ಕೋರಿ, ಭಾಳ ದೊಡ್ಡ ಪುರಾವೆ ಕೊಟ್ಟಾನ. ನಾ ಅನ್ನೂದು ಇದ. ಹುಡುಗರ ಬಾಯಾಗ ಧ್ವನಿ ಬದಲಾಗಿಲ್ಲ, ಅವರು "ನಮ್ಮ ಇ ಅಂದ್ರ ಪುಸ್ತಕದ ಎ" ಅಂತ ಒಂದ ಕಾಯದೆ ಕಲ್ತು ಪದ ಅನುವಾದ ಮಾಡಾಕತ್ತಾರ. ಅದಕ್ಕ ರೊಟ್ಟಿನೂ ರೊಟ್ಟೆ ಆತು. ಖರೇ ಧ್ವನಿ ಬದಲಾವಣೆ ಆಗಿದ್ದರ ಅದು ಎಲ್ಲಾ ಪದಕ್ಕೂ ಮೆಲ್ಲಕ, ಒಂದೀಟೊಂದೀಟ, ಯಾರಿಗೂ ಗೊತ್ತಾಗದಂಗ ಹತ್ತಬೇಕಿತ್ತು. ಇದು ಧ್ವನಿ ಬದಲಾವಣೆನ ಅಲ್ಲ, ಎರಡ ಕನ್ನಡದ ನಡಕ ಜಿಗದಾಡೋದು. ಜಿಗದಾಡೋದಕ್ಕ ಅಪೇರೆಂಟ್ ಟೈಮ್ ಹಚ್ಚೋದ ತಪ್ಪು.

ಹೊಳಿದಂಡಿ
ಅರ್ಧ ಒಪ್ತೀನಿ. ಮ್ಯಾಲಿನಿಂದ ಇಳಿಯೋ ಬದಲಾವಣಿನೂ ಇರ್ತದ, ಮರ್ಯಾದಿ ಇರೋ ಮಾತು ನೋಡಿ ಗೊತ್ತಿದ್ದೇ ಹಿಡಿಯೋದು. ನ್ಯೂಯಾರ್ಕಿನಾಗ 1962ರಾಗ ಲೆಬಾವ್ ಮೂರು ಅಂಗಡಿಗೆ ಹೋಗಿ, ನಾಕನೇ ಮಹಡಿಗೆ ಇರೋ ಸಾಮಾನು ಎಲ್ಲದ ಅಂತ ಕೇಳಿ, ಸೇಲ್ಸ್‌ನವರ ಬಾಯಿಂದ "ಫೋರ್ತ್ ಫ್ಲೋರ್" ಅನಿಸಿ, ರ ಬಂತೋ ಇಲ್ಲೋ ಗುರುತು ಮಾಡ್ಕೊಂಡ. ದುಬಾರಿ ಅಂಗಡ್ಯಾಗ 62 ಪರ್ಸೆಂಟ್ ಮಂದಿ ಸ್ವಲ್ಪರ ರ ಅಂದ್ರು, ನಡುವಿನದರಾಗ 51, ಅಗ್ಗದ ಅಂಗಡ್ಯಾಗ 20ರ ಆಜೂಬಾಜು. ಅದೂ ಮರ್ಯಾದಿ ರ ನೇ. ವಯಸ್ಸಿನ ಮೆಟ್ಟಲ ನೋಡಿದ್ರ ದುಬಾರಿ ಅಂಗಡ್ಯಾಗ ಎಳೇರು ಹೆಚ್ಚು ರ ಅಂತಿದ್ರು, ನಡುವಿನ ಅಂಗಡ್ಯಾಗ ಉಲ್ಟಾ, ವಯಸ್ಸಾದವರೇ ಹೆಚ್ಚು. 1986ರಾಗ ಫೌಲರ್ ಅನ್ನೋರು ಅದೇ ನಮೂನಿ ತಿರುಗಿ ಮಾಡಿದ್ರು. ರ ಮುಂದಕ್ಕ ಹೋಗಿತ್ತು, ಆದ್ರ ಭಾಳ ಮೆಲ್ಲಕ.

ಅದಕ್ಕ ಮಾಸ್ತರ, ನಡೂ ವಯಸ್ಸಿನವರನ್ನ ಒಂದೇ ಗಂಟು ಕಟ್ಟಬ್ಯಾಡ್ರಿ. ಅದೇ ವಯಸ್ಸಿನ ಒಕ್ಕಲಿಗರು, ಅದೇ ವಯಸ್ಸಿನ ಕ್ಲಾರ್ಕ್, ಮಾಸ್ತರ, ಬ್ಯಾಂಕಿನವರು ಬ್ಯಾರೆ ಬ್ಯಾರೆ ಇಡ್ರಿ. ಒಕ್ಕಲುತನ ಮಾಡೋರು ಸಾಲಿ ಬಿಟ್ಟ ಮ್ಯಾಲ ಪೂರ್ತಿ ಮನಿಗೆ ವಾಪಸ್ ಬಂದಿದ್ರ, ನಿಮ್ಮ ಹತ್ತನೇ ಕ್ಲಾಸಿನ ಹುಡುಗರೊಳಗ ಯಾರು ಹೊಲಕ್ಕ ಹೋಗ್ತಾರ, ಯಾರು ಆಫೀಸಿಗೆ ಹೋಗ್ತಾರ ಅನ್ನೋದರ ಮ್ಯಾಲ ಮುಂದಿನ ಕಥಿ ನಿಂತದ.

ಗೋಕಾಕ_ಕರದಂಟು
ಅದು ಸಮಾಜದ ಕಥಿ ಆತು ಸರ್, ಧ್ವನಿ ಕಥಿ ಅಲ್ಲ. ನಾ ನನ್ನ ಮಾತ ಬಿಡಂಗಿಲ್ಲ.

ಹೊಳಿದಂಡಿ
ಬಿಡಬ್ಯಾಡ್ರಿ. ಒಂದು ಪರೀಕ್ಷಾ ಮಾಡಬಹುದು. ಹುಡುಗರು ಮನೆ, ತಲೆ ಅಂದ ಮ್ಯಾಲೂ ಮ್ಯಾಲ, ಬ್ಯಾಡ, ಪ್ಯಾಟಿ ಅಂತಾರೋ, ಮೇಲೆ, ಬೇಡ, ಪೇಟೆ ಅಂತಾರೋ ನೋಡ್ರಿ. ಎಲ್ಲಾ ಕೂಡೇ ಬಂದ್ರ ನೀವಂದಂಗ ಜಿಗತಾನ. ಕಡೀ ಎ ಬಂದು ಮ್ಯಾಲ, ಬ್ಯಾಡ ಹಂಗೇ ಉಳದ್ರ ಆ ಎ ಒಂದೇ ತನ್ನ ಪಾಡಿಗೆ ನಡದದ ಅಂತ ಅನ್ನಬೇಕಾಗ್ತದ.

ಗೋಕಾಕ_ಕರದಂಟು
"ರೊಟ್ಟೆ ಬೇಡ" ಅಂದಾನಲ್ಲ ತೇರದಾಳದ ಹುಡುಗ. ಎರಡೂ ಒಂದೇ ಮಾತಿನ್ಯಾಗ!

ಹೊಳಿದಂಡಿ
ಒಬ್ಬ ಹುಡುಗ ಅಂವ. ಅದೂ ಇಂಗ್ಲಿಷ್ ಮೀಡಿಯಂ.

ಸಂಕೇಶ್ವರ_ಮೆಣಸಿನಕಾಯಿ
ರಿಯಲ್ ಟೈಮ್‌ಗೆ ಹಳೇ ಟೇಪ್ ನಡೀತಾವೇನ್ರಿ? ನಮ್ಮಪ್ಪ ಮಿಲಿಟ್ರಿಯೊಳಗ ಇದ್ರು, ಎಂಬತ್ತರ ದಶಕದಾಗ ಪತ್ರ ಬರಿಯೋ ಬದಲಿ ಕ್ಯಾಸೆಟ್‌ನ್ಯಾಗ ಮಾತಾಡಿ ಕಳಸ್ತಿದ್ರು, ಇಲ್ಲಿಂದ ನಮ್ಮ ಅಮ್ಮ, ಕಾಕಾ, ಅತ್ತಿ ಎಲ್ಲಾರೂ ಸುತ್ತ ಕುಂತ ಮಾತಾಡಿ ತುಂಬಿ ಕಳಸೋರು. ಒಂದ ಡಬ್ಬಿ ತುಂಬ ಅದಾವು. "ಎಮ್ಮಿ ಈದತಿ, ಮಳಿ ಆಗಿಲ್ಲ, ಮನಿ ಪತ್ರಾಸ ಹಾರಿ ಹೋಗ್ಯಾವು" ಇಂಥಾ ಮಾತು. ಮಾತಾಡಿದವರೊಳಗ ಕಾಕಾ, ಅತ್ತಿ ಇನ್ನೂ ಅದಾರ, ಗಟ್ಟಿ ಅದಾರ.

ಹೊಳಿದಂಡಿ
ಅಯ್ಯ ಮಾರಾಯ, ಅದು ಬಂಗಾರ. ರೇಡಿಯೋ ಟೇಪಿಗಿಂತ ಮೇಲು. ಧಾರವಾಡ ಆಕಾಶವಾಣಿ 1950ರಿಂದ ಅದ, ಆದ್ರ ರೇಡಿಯೋ ಮುಂದ ಕುಂತಾಂವ ರೇಡಿಯೋ ಮಾತೇ ಆಡ್ತಾನ, ಅದನ್ನ ಕಟ್ಟಿ ಮ್ಯಾಲಿನ ಮಾತಿಗೆ ಹೋಲಿಸಿದ್ರ ಮತ್ತ ಸ್ಟಾಫ್ ರೂಮಿನ ಕಥಿನೇ. ಪಾರಿಜಾತ, ಡೊಳ್ಳಿನ ಪದ ಇಂಥಾವೂ ಬ್ಯಾಡ, ಹಾಡು ಬಾಯಿಪಾಠ ಇರ್ತದ, ಅದರಾಗ ಹಳೇ ರೂಪ ಹಂಗೇ ಕುಂತಿರ್ತಾವ. ನಿಮ್ಮ ಕ್ಯಾಸೆಟ್‌ನ್ಯಾಗ ಮನಿ ಮಂದಿ ಮನಿ ಮಂದಿಗೆ ಆಡಿದ ಮಾತದ.

ಕಾಕಾ, ಅತ್ತಿ ಈಗ ಇದ್ರ ಅವರನ್ನ ಅದೇ ನಮೂನಿ ಕುಂಡ್ರಿಸಿ ಮತ್ತೊಮ್ಮೆ ಮಾತಾಡಸ್ರಿ. ಅದೇ ಮನಷ್ಯಾನ್ನ ಎರಡ ಸಲ ಹಿಡಿಯೋದು ಪ್ಯಾನೆಲ್. ಮನಷ್ಯಾ ಬದಲಾದನೋ ಇಲ್ಲೋ ಅದು ಹೇಳ್ತದ. ಆಗ ಕಾಕಾಗ ಎಷ್ಟು ವಯಸ್ಸಿತ್ತೋ ಈಗ ಅಷ್ಟೇ ವಯಸ್ಸಿನ ಬ್ಯಾರೆಯವರನ್ನ ಅದೇ ಓಣ್ಯಾಗ ಹಿಡದ್ರ ಅದು ಟ್ರೆಂಡ್. ಊರು ಬದಲಾತೋ ಇಲ್ಲೋ ಅದು ಹೇಳ್ತದ. ಎರಡೂ ಬ್ಯಾರೆ ಪ್ರಶ್ನಿ, ಒಂದರಿಂದ ಇನ್ನೊಂದಕ್ಕ ಉತ್ತರ ಸಿಗಂಗಿಲ್ಲ.

ಕುಂದಾನಗರಿ_ಹುಡುಗ
ಒಂದ ಮನಿ ನಾಕ ಮಂದಿ ಕ್ಯಾಸೆಟ್ಟಿಂದ ಇಡೀ ತಾಲೂಕಿನ ಬಗ್ಗೆ ಹೇಳಾಕ ಬರತೈತೇನ್ ಸರ್? ಸ್ಯಾಂಪಲ್ ಸೈಜ್?

ಹೊಳಿದಂಡಿ
ಅದರಷ್ಟರಿಂದನೇ ಹೇಳ್ಲಿಕ್ಕೆ ಬರಂಗಿಲ್ಲ. ಆದ್ರ ಲೆಬಾವ್ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಕೆಲಸಾನ ನೋಡು. ಅಂವ 1961ರಿಂದ 69 ಮಂದೀನ ಮಾತಾಡಿಸಿ ವಯಸ್ಸಿನ ಮೆಟ್ಟಲ ಕಂಡ. ಅದಕ್ಕ ಗೂಟ ಹೊಡೀಲಿಕ್ಕೆ ಅವನ ಹತ್ರ ಇದ್ದದ್ದು 1933ರಾಗ ನ್ಯೂ ಇಂಗ್ಲೆಂಡ್ ಭಾಷಾ ನಕಾಶಿಗೆ ಅಂತ ಬರಕೊಂಡ ನಾಕೇ ನಾಕು ಮಂದಿಯ ಉಚ್ಚಾರ. ಟೇಪೂ ಅಲ್ಲ, ಕೈಬರಹ. ಅಷ್ಟರಿಂದ ಹಿಂದಿನ ಸ್ಥಿತಿ ಯಾವ ಕಡಿಗಿತ್ತು ಅಂತ ಗೊತ್ತಾತು. ಮೆಟ್ಟಲ ಅಪೇರೆಂಟ್ ಟೈಮಿನಿಂದ, ಗೂಟ ರಿಯಲ್ ಟೈಮಿನಿಂದ. ಮಾಸ್ತರಗೆ ಬೇಕಾಗಿರೋದೂ ಗೂಟಾನ.

ಸಂಕೇಶ್ವರ_ಮೆಣಸಿನಕಾಯಿ
ಆದ್ರ ನಮ್ಮದು ಸಂಕೇಶ್ವರ, ಅವರದು ಜಮಖಂಡಿ. ನಮ್ಮ ಕಡಿ ಮರಾಠಿ ಭಾಳ.

ಜಮಖಂಡಿ_ಮಾಸ್ತರ
ಅದ ನೋಡ್ರಿ. ನಿಮ್ಮ ಗೂಟ ನಮ್ಮ ಹೊಲಕ್ಕ ಹತ್ತಂಗಿಲ್ಲ. ಆದ್ರೂ ಇಂಥಾ ಕ್ಯಾಸೆಟ್ ನಮ್ಮೂರಾಗೂ ಯಾರ ಮನ್ಯಾಗರ ಇರಬೇಕು, ಮಿಲಿಟ್ರಿಯವರು ನಮ್ಮಲ್ಲೂ ಅದಾರ. ನಾಳಿಂದ ಕೇಳತೀನಿ.

ನವನಗರ_ಸೆಕ್ಟರ್
ಮಾಸ್ತರ ಅವಸರ ಮಾಡಬ್ಯಾಡ್ರಿ, ಇನ್ನೊಂದ ತೊಡಕ ಹೇಳತೀನಿ. ನಮ್ಮದು ಹಳೇ ಬಾಗಲಕೋಟಿ. ಆಲಮಟ್ಟಿ ಹಿನ್ನೀರಿಗೆ ಊರಿನ ಭಾಗ ಮುಳಗಿ ನವನಗರಕ್ಕ ಬಂದವರು ನಾವು. ಹಳೇ ಊರಾಗ ಓಣಿ ಓಣಿಗೆ ಒಂದೊಂದ ಮಾತಿತ್ತು, ಈಗ ಸೆಕ್ಟರ್‌ನ್ಯಾಗ ನಮ್ಮ ಬಾಜೂಕ ಒಬ್ಬರು ಬೀಳಗಿ ಕಡಿಯವರು, ಇನ್ನೊಬ್ಬರು ಎಲ್ಲಿಂದರ ನೌಕರಿಗೆ ಬಂದವರು. ನಾಳೆ ಯಾರರ ಮುಳಗೂ ಮುಂಚಿನ ಟೇಪ್ ತಗದು ಈಗಿನ ನವನಗರದ ಮಂದಿ ಜೋಡಿ ಹೋಲಿಸಿ "ಬಾಗಲಕೋಟಿ ಮಾತು ಬದಲಾತು" ಅಂದ್ರ, ಮಾತು ಬದಲಾಗಿದ್ದೋ ಮಂದಿ ಬದಲಾಗಿದ್ದೋ? ನಿಮ್ಮ ತಾಲೂಕಿನ್ಯಾಗೂ ಹೊಳಿ ದಂಡಿ ಹಳ್ಳಿ ಎಷ್ಟ ಎಬ್ಬಿಸ್ಯಾರ ಅಲ್ಲ.

ಹೊಳಿದಂಡಿ
ಇದು ಟ್ರೆಂಡ್ ಮಾಡೋರ ತಲಿನೋವೇ. ಊರು ಅದೇ ಇರಬೇಕು ಅನ್ನೋ ಶರತ್ತು ಅದಕ್ಕದ, ನಮ್ಮ ಕಡಿಗೆ ಊರೇ ಎದ್ದು ಹೋಗ್ಯಾವ. ಅಂಥಲ್ಲಿ ಪ್ಯಾನೆಲ್ ಚಲೋ, ಊರು ಹೋದ್ರೂ ಅದೇ ಮನಷ್ಯಾನ್ನ ಬೆನ್ನ ಹತ್ತಬಹುದು. ಇನ್ನೊಂದು, ಹಳೇ ಕಾಗದದಾಗ "ಬಿಜಾಪುರ ಜಿಲ್ಲೆ" ಅಂತಿದ್ರ 1997ರ ಮೊದಲ ಬಾಗಲಕೋಟಿನೂ ಅದರಾಗೇ ಇತ್ತು ಅನ್ನೋದ ಮರೀಬ್ಯಾಡ್ರಿ, ಜಮಖಂಡಿಯವರನ್ನೂ ಅಲ್ಲೇ ಹುಡುಕಬೇಕು.

ಗುಮ್ಮಟದ_ಗೌಡ್ತಿ
ಪ್ಯಾನೆಲ್ ಅಂದ್ರ ಸತ್ತವರು ಬಿಟ್ಟು ಹೋಗ್ತಾರಲ್ರಿ. ಊರು ಬಿಟ್ಟು ಹೋದವರೂ ಸಿಗಂಗಿಲ್ಲ. ಉಳದವರು ಅಂದ್ರ ಊರಾಗೇ ಇದ್ದವರು, ಅವರದು ಬದಲಾಗದೇ ಇರೋದು ಸಹಜ. ಆಗ ತಮ್ಮ ಹೇಳಿದ "ಫ್ರೀಜ್" ಖರೆ ಅನಿಸ್ತದ.

ಹೊಳಿದಂಡಿ
ತಂಗೀ ನೀ ಎಂ.ಎ ಮಾಡಬೇಕಿತ್ತು. ಮಾಂಟ್ರಿಯಲ್‌ದಾಗೂ 120ರೊಳಗ 60 ಮಂದಿ ಅಷ್ಟ ವಾಪಸ್ ಸಿಕ್ಕಿದ್ದು ಹದಿಮೂರ ವರ್ಷಕ್ಕ. ಇದಕ್ಕ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ.

ಕುಂದಾನಗರಿ_ಹುಡುಗ
ಆತು, "ಹೆಚ್ಚುಕಡಿಮಿ ಫ್ರೀಜ್" ಅಂತ ತಿದ್ದಕೋತೀನಿ. ಪೂರ್ತಿ ಬಿಡಂಗಿಲ್ಲ.

ಜಮಖಂಡಿ_ಮಾಸ್ತರ
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ನಾ ಹಿಂಗ ಮಾಡತೀನಿ. ಹುಡುಗರ ರೆಕಾರ್ಡಿಂಗ್ ಅವರ ಕೈಲೇ ಹೊಸದಾಗಿ, ಕಬಡ್ಡಿ ಮೈದಾನದಾಗ. ನಡೂ ವಯಸ್ಸಿನವರನ್ನ ಹೊಲದವರು, ಆಫೀಸಿನವರು ಅಂತ ಒಡೀತೀನಿ. ಮ್ಯಾಲ, ಬ್ಯಾಡನೂ ಜೊತಿಗೆ ಎಣಸತೀನಿ. ಕ್ಯಾಸೆಟ್ ಸಿಕ್ರ ಸಿಗತೈತಿ, ಸಿಗಲಿಲ್ಲಂದ್ರ "ಬದಲಾಗಾಕತ್ತೈತಿ" ಅನ್ನೋ ಬದಲಿ "ವಯಸ್ಸಿನ ಜೋಡಿ ಫರಕ ಐತಿ, ಅದು ಬದಲಾವಣೆನೂ ಇರಬಹುದು, ಪ್ರತಿ ಪೀಳಿಗಿಗೂ ಬಂದು ಹೋಗೋದೂ ಇರಬಹುದು" ಅಂತ ಬರೀತೀನಿ. ಇಷ್ಟಕ್ಕ ಗೈಡ್ ಒಪ್ಪತಾರೇನ್ರಿ?

ಗೋಕಾಕ_ಕರದಂಟು
ಗೈಡ್ ಒಪ್ಪಬಹುದು, ನಾ ಒಪ್ಪಂಗಿಲ್ಲ 😀 "ಜಿಗದಾಡೋದೂ ಇರಬಹುದು" ಅಂತ ಒಂದ ಸಾಲು ಸೇರಸ್ರಿ.

ರೇಡಿಯೋ_ರಿಪೇರಿ
ತಡ ಆಗಿ ಬಂದೆ. ಕ್ಯಾಸೆಟ್ ವಿಷಯ ಬಂದೈತಿ ಅಂತ ಹೇಳತೀನಿ. ಹಳೇ ಟೇಪ್ ರೆಕಾರ್ಡರ್ ಬೆಲ್ಟ್ ಸಡಲ ಆಗಿರತೈತಿ, ಸ್ಪೀಡ್ ಫರಕ ಬರತೈತಿ. ಕಂಪ್ಯೂಟರ್‌ನ್ಯಾಗ ಹಾಕಿ ಸ್ವರ ಅಳಿಯೋರಿದ್ರ ಮೊದಲ ಸ್ಪೀಡ್ ನೋಡ್ರಿ. ಟೇಪ್ ಜೋರ ಓಡಿದ್ರ ದನಿ ಅಷ್ಟ ಅಲ್ಲ, ಸ್ವರದ ಎಲ್ಲಾ ಫ್ರೀಕ್ವೆನ್ಸಿನೂ ಮ್ಯಾಲೇರತಾವು.

ಜಮಖಂಡಿ_ಮಾಸ್ತರ
ಸ್ಪೀಡ್ ಸರಿ ಐತೋ ಇಲ್ಲೋ ಹೆಂಗ ಗೊತ್ತಾಗಬೇಕ್ರಿ, ಹಳೇ ಮನಷ್ಯಾನ ದನಿ ಯಾರಿಗೆ ನೆನಪಿರತೈತಿ?

ರೇಡಿಯೋ_ರಿಪೇರಿ
ಕರೆಂಟಿಗೆ ಹಚ್ಚಿ ರೆಕಾರ್ಡ್ ಮಾಡಿದ್ದರ ಹಿಂದ ಸಣ್ಣಗ ಗುಂಯ್ ಅಂತ ಹಮ್ ಇರತೈತಿ. ನಮ್ಮ ಕರೆಂಟ್ 50 ಹರ್ಟ್ಜ್. ಮಾತಿಲ್ಲದ ಜಾಗ ನೋಡಿ ಆ ಹಮ್ ಎಷ್ಟಕ್ಕೈತಿ ಅಂತ ಅಳೀರಿ. 52ಕ್ಕ ಕಂಡ್ರ ಟೇಪ್ 4 ಪರ್ಸೆಂಟ್ ಜೋರ ಓಡೈತಿ ಅಂತ, ಅಷ್ಟ ಇಳಸ್ರಿ. ಆದ್ರ ನೀವು ಕೇಳಿಸೋ ಮಷೀನಿನ ಹಮ್ ಕೂಡೇ ಬರತೈತಿ, ಅದು 50ಕ್ಕ ನಿಂತಿರತೈತಿ, ಎರಡೂ ಕಲಸಬ್ಯಾಡ್ರಿ. ಪ್ಲೇ ಮಾಡೂ ಮುಂದ ಸೆಲ್ ಹಾಕಿ ನಡಸ್ರಿ, ಆಗ ಇದ್ದದ್ದು ಹಳೇದಷ್ಟ.

ಸಂಕೇಶ್ವರ_ಮೆಣಸಿನಕಾಯಿ
ನಮ್ಮಲ್ಲಿ ಆಗ ಕರೆಂಟ ಎಲ್ಲಿತ್ತು, ಸೆಲ್ ಮ್ಯಾಲ ರೆಕಾರ್ಡ್ ಮಾಡ್ಯಾರ.

ರೇಡಿಯೋ_ರಿಪೇರಿ
ಹಂಗಾದ್ರ ಹಮ್ ಸಿಗಂಗಿಲ್ಲ. ಅಳಿಯೋದ ಬಿಡ್ರಿ, ಮನಿನೋ ಮನೆನೋ ಕಿವಿಲೇ ಕೇಳಿ ಬರಕೋರಿ. ಇಬ್ಬರು ಬ್ಯಾರೆ ಬ್ಯಾರೆ ಕುಂತ ಬರೀರಿ, ಆಮ್ಯಾಲ ತಾಳಿ ಹಾಕಿ ನೋಡ್ರಿ.